ಚೆಕ್ ಪಿಲ್ಸ್‌ನರ್ ತರಿಸಲೋ, ಜರ್ಮನ್ ಪಿಲ್ಸ್ ತರಿಸಲೋ?

ಹೋದ ತಿಂಗಳು ಮೈಸೂರಿನಿಂದ ಭಾವ ಬಂದಿದ್ದರು. ಶನಿವಾರ ಸಂಜೆ ಇಂದಿರಾನಗರದ ಒಂದು ಬ್ರೂಪಬ್‌ಗೆ ಕರೆದುಕೊಂಡು ಹೋದೆ. ಕಪ್ಪು ಹಲಗೆಯ ಮೇಲೆ ಅವತ್ತಿನ ಬಿಯರ್‌ಗಳ ಹೆಸರು ಬರೆದಿದ್ದರು. ಗೋಧಿ ಬಿಯರ್ ಎರಡು, ಸ್ಟೌಟ್ ಒಂದು, ಕೊನೆಯಲ್ಲಿ ‘ಬೊಹೀಮಿಯನ್ ಪಿಲ್ಸ್‌ನರ್’, ಅದರ ಕೆಳಗೇ ‘ಜರ್ಮನ್ ಪಿಲ್ಸ್’.

“ಎರಡೂ ಅದೇ ಬಂಗಾರದ ಬಣ್ಣ. ಒಂದೇ ಬಿಯರಿಗೆ ಎರಡು ಹೆಸರಿಟ್ಟಿದ್ದಾರೆ ಅಷ್ಟೇ, ಅಲ್ವೇನೋ?” ಅಂದರು ಭಾವ.

ಬೊಹೀಮಿಯನ್ ಅಂದರೆ ಚೆಕ್. ಎರಡನ್ನೂ ಚಿಕ್ಕ ಲೋಟದಲ್ಲಿ ತರಿಸಿದೆ. ಬಣ್ಣ ನೋಡಿ ಹೇಳೋದು ಕಷ್ಟವೇ. ಚೆಕ್ ಒಂದು ಚೂರು ಗಾಢ, ಅದೂ ಪಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುತ್ತದೆ. ಎರಡಕ್ಕೂ ಬೇಕಾದ್ದು ಅದೇ ಮೂರು ಸಾಮಾನು: ತಿಳಿ ಬಣ್ಣದ ಬಾರ್ಲಿ ಮಾಲ್ಟ್, ಮೆದು ನೀರು, ಕಹಿಗೂ ಘಮಕ್ಕೂ ಹಾಕುವ ಹಾಪ್ ಅನ್ನೋ ಬಳ್ಳಿಯ ಖಾರ-ಹೂವಿನ ಘಮದ ಹೂ. ಆದರೂ ಕುಡಿದಾಗ ಎರಡೂ ಬೇರೆ. ಒಂದು ಗುಟುಕಿಗೆ ಭಾವನಿಗೂ ಗೊತ್ತಾಯಿತು. “ಇದು ಬಾಯಿ ತುಂಬತ್ತೆ, ಅದು ಬಾಯಿ ಒಣಗಿಸತ್ತೆ” ಅಂದರು. ಅಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಬ್ರೆಡ್ಡಿನ ಘಮ, ನಾಲಿಗೆಗೆ ಸ್ವಲ್ಪ ದಪ್ಪ, ಕಹಿಗೆ ಮೊದಲು ಒಂದು ಎಳೆ ಸಿಹಿ ಬೇಕಿದ್ದರೆ ಚೆಕ್. ಚುರುಕಾಗಿ, ಒಣಗಿ, ಕಹಿ ಕೊನೆತನಕ ನಿಲ್ಲಬೇಕಿದ್ದರೆ ಜರ್ಮನ್. ಯಾಕೆ ಹೀಗೆ ಅಂತ ತಿಳಿದರೆ, ಮುಂದೆ ಬಂದ ಲೋಟ ಹೆಸರಿಗೆ ತಕ್ಕ ಹಾಗಿದೆಯೋ ಇಲ್ಲವೋ ಅಂತಲೂ ಹೇಳಬಹುದು.

ಮಾಲ್ಟ್: ಹುರಿಯದೇ ಬಿಟ್ಟ ಬಾರ್ಲಿ

ರಾಗಿ ಮಾಲ್ಟ್ ಮಾಡೋದನ್ನು ಮನೆಯಲ್ಲಿ ನೋಡಿದವರಿಗೆ ಇದು ಸುಲಭ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಆಮೇಲೆ ಹುರಿಯುತ್ತೇವೆ. ಎಷ್ಟು ಹುರಿದರೆ ಅಷ್ಟು ಘಮ, ಅಷ್ಟು ಕಂದು. ಬಾರ್ಲಿಯದ್ದೂ ಇದೇ ಕಥೆ. ಪಿಲ್ಸ್‌ನರ್ ಮಾಲ್ಟ್ ಅಂದರೆ ಈ ಕೊನೆಯ ಹುರಿಯುವ ಹಂತದಲ್ಲಿ ಕೈ ತಡೆದದ್ದು. ಮೊಳಕೆ ಬಂದ ಬಾರ್ಲಿಯನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಕೊನೆಗೆ 80ರಿಂದ 85 ಡಿಗ್ರಿ ಶಾಖ ಕೊಟ್ಟು ನಿಲ್ಲಿಸುತ್ತಾರೆ. ಅದಕ್ಕೇ ಬಣ್ಣ ಒಣಹುಲ್ಲಿನಷ್ಟು ತಿಳಿ, ವಾಸನೆ ಹಸಿ ಹಿಟ್ಟು ಮತ್ತು ಬಿಳಿ ಬ್ರೆಡ್ಡಿನ ಅಂಚಿನದ್ದು.

ಇದು ಒಂದು ಕಾಲದಲ್ಲಿ ದೊಡ್ಡ ವಿಷಯವೇ ಆಗಿತ್ತು. ಬೊಹೀಮಿಯಾದ ಪ್ಲಜೆನ್ ಊರಿನಲ್ಲಿ 1838ರಲ್ಲಿ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಪುರಭವನದ ಮುಂದೆಯೇ ಚೆಲ್ಲಿದರಂತೆ. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರನ್ನು ಕರೆಸಿದರು. 1842ರ ಅಕ್ಟೋಬರ್ 5ರಂದು ಆತ ಮೊದಲ ಹದ ಇಳಿಸಿದ. ಹೊಗೆ ತಾಗದ ಹಾಗೆ, ಇಂಗ್ಲೆಂಡಿನ ಮಾದರಿಯಲ್ಲಿ ಒಣಗಿಸಿದ ತಿಳಿ ಮಾಲ್ಟ್, ಚಳಿಯಲ್ಲಿ ಹುಳಿಸಿ ಮಲಗಿಸುವ ಬವೇರಿಯಾದ ಲಾಗರ್ ವಿಧಾನ, ಆ ಊರಿನ ನೀರು, ಪಕ್ಕದ ಸೀಮೆಯ ಹಾಪ್. ಊರಿನ ಹೆಸರೇ ಬಿಯರಿಗೆ ಬಂತು. ಜರ್ಮನ್ನರದ್ದು ಇದನ್ನು ನೋಡಿ ತಮ್ಮ ನೀರಿಗೆ, ತಮ್ಮ ಹಾಪಿಗೆ ಒಗ್ಗಿಸಿಕೊಂಡ ಬಿಯರ್.

ಮಾಲ್ಟ್ ಒಂದೇ ಆದರೂ ಅದನ್ನು ಬೇಯಿಸುವ ರೀತಿ ಬೇರೆ. ಚೆಕ್ ಪದ್ಧತಿಯಲ್ಲಿ ಮಾಲ್ಟ್ ಗಂಜಿಯ ಒಂದು ಪಾಲನ್ನು ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿ, ವಾಪಸ್ ಸುರಿಯುತ್ತಾರೆ. ಇದಕ್ಕೆ ಡಿಕಾಕ್ಷನ್ ಅನ್ನುತ್ತಾರೆ (ನಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೂ ಇದಕ್ಕೂ ಹೆಸರಷ್ಟೇ ನಂಟು). ಪ್ಲಜೆನ್‌ನ ಅದೇ ಬ್ರೂವರಿಯ ಬಿಯರ್ ಪಿಲ್ಸ್‌ನರ್ ಉರ್ಕೆಲ್‌ಗೆ ಇಂದಿಗೂ ಇದನ್ನು ಮೂರು ಸಲ ಮಾಡುತ್ತಾರೆ. ಕುದಿದ ಪಾಲಿನಿಂದ ಬಣ್ಣ ಒಂದು ಚೂರು ಏರುತ್ತದೆ, ಬಿಸ್ಕೆಟ್ಟಿನಂಥ ಘಮ ಬರುತ್ತದೆ.

ಇನ್ನೊಂದು ವ್ಯತ್ಯಾಸ ಯೀಸ್ಟ್ ಎಷ್ಟು ಸಕ್ಕರೆ ತಿನ್ನುತ್ತದೆ ಅನ್ನೋದು. ಎರಡೂ ಹೆಚ್ಚೂಕಮ್ಮಿ ಒಂದೇ ಸಿಹಿಯಿಂದ ಶುರುವಾಗುತ್ತವೆ, ಅಂದರೆ ರಸದಲ್ಲಿ ನೂರಕ್ಕೆ ಸುಮಾರು 12 ಪಾಲು ಸಕ್ಕರೆ ಮತ್ತು ಅದರ ಬಳಗ. ಚೆಕ್ ಬಿಯರಿನಲ್ಲಿ ಅದರ ಒಂದು ಪಾಲು ಉಳಿದುಬಿಡುತ್ತದೆ. ಜರ್ಮನ್‌ನಲ್ಲಿ ಯೀಸ್ಟ್ ಹೆಚ್ಚುಕಡಿಮೆ ಬಳಿದು ತಿಂದಿರುತ್ತದೆ. ಉರ್ಕೆಲ್ 12ರಿಂದ ಶುರುವಾದರೂ 4.4 ಪರ್ಸೆಂಟ್ ಆಲ್ಕೋಹಾಲಿಗೆ ನಿಲ್ಲುತ್ತದೆ. ಅದೇ 12ರ ಆಸುಪಾಸಿನಿಂದ ಹೊರಟ ಜರ್ಮನ್ ಪಿಲ್ಸ್ 5ರ ಹತ್ತಿರ ಹೋಗುತ್ತದೆ. ಬಾಯಿ ತುಂಬುವ ಬಿಯರೇ ಕಡಿಮೆ ಕಿಕ್ಕಿನದು ಅನ್ನೋದು ಭಾವನಿಗೆ ನಂಬಲಿಕ್ಕೇ ಆಗಲಿಲ್ಲ.

ನೀರು: ಬೇಳೆ ಬೇಯದ ನೀರಿನಲ್ಲಿ ಪಿಲ್ಸ್‌ನರ್ ಆಗಲ್ಲ

ಬೆಂಗಳೂರಲ್ಲಿ ಇರುವವರಿಗೆ ಕಾವೇರಿ ನೀರು, ಬೋರ್ ನೀರು ಅನ್ನೋ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಬೋರ್ ನೀರಲ್ಲಿ ತೊಗರಿಬೇಳೆ ಬೇಗ ಬೇಯಲ್ಲ, ಸೋಪು ನೊರೆ ಬರಲ್ಲ, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ. ಚಹಾ ಮಾಡಿದರೆ ಮೇಲೊಂದು ತೆಳು ಕೆನೆಯ ಹಾಗೆ ಕಟ್ಟಿ ಬಣ್ಣ ಮಂಕಾಗುತ್ತದೆ. ಆ ಬಿಳಿ ಪದರ ಕಟ್ಟುವ ಸುಣ್ಣದ ಅಂಶವೇ ಪಿಲ್ಸ್‌ನರಿನ ಶತ್ರು.

ಕಾರಣ ಇಷ್ಟು. ಮಾಲ್ಟನ್ನು ಬಿಸಿನೀರಲ್ಲಿ ನೆನೆಸಿದಾಗ ಅದು ಸ್ವಲ್ಪ ಹುಳಿಯಾಗಬೇಕು, ಪಿಎಚ್ 5.2ರಿಂದ 5.5ರ ಒಳಗೆ ಬರಬೇಕು. ಆಗ ಪಿಷ್ಟ ಚೆನ್ನಾಗಿ ಸಕ್ಕರೆಯಾಗುತ್ತದೆ, ಬಾರ್ಲಿ ಹೊಟ್ಟಿನ ಒಗರು ಇಳಿಯಲ್ಲ. ನೀರಿನ ಬೈಕಾರ್ಬನೇಟ್ ಈ ಹುಳಿಯನ್ನು ತಿಂದುಹಾಕುತ್ತದೆ. ಚೆನ್ನಾಗಿ ಹುರಿದ ಕಪ್ಪು ಮಾಲ್ಟಿನಲ್ಲಿ ತನ್ನದೇ ಹುಳಿ ಜಾಸ್ತಿ, ಹಾಗಾಗಿ ಅದು ತಡೆದುಕೊಳ್ಳುತ್ತದೆ. ಮ್ಯೂನಿಕ್, ಡಬ್ಲಿನ್‌ನಂಥ ಸುಣ್ಣದ ನೀರಿನ ಊರುಗಳು ಹಿಂದೆ ಗಾಢ ಬಿಯರಿಗೇ ಹೆಸರಾದದ್ದು ಸುಮ್ನೆ ಅಲ್ಲ. ಹುರಿಯದ ತಿಳಿ ಮಾಲ್ಟಿಗೆ ಆ ಶಕ್ತಿ ಇಲ್ಲ. ಪ್ಲಜೆನ್‌ಗೆ ಅದೃಷ್ಟ ಇತ್ತು. ಅಲ್ಲಿನ ನೀರಿನಲ್ಲಿ ಲೀಟರಿಗೆ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು, ಬೈಕಾರ್ಬನೇಟ್ 15ರ ಸುತ್ತಮುತ್ತ. ಹೆಚ್ಚುಕಡಿಮೆ ಮಳೆನೀರು.

ಇದನ್ನು ನಾನು ಬಾಯಲ್ಲಿ ನಂಬಿದ್ದು ಬ್ರೂಪಬ್ ಒಂದರಲ್ಲಿ ಬಿಯರ್ ಮಾಡುವ ಗೆಳೆಯನ ಅಡುಗೆಮನೆಯಲ್ಲಿ. ಅವನ ಮನೆಗೆ ಬರೋದು ಬೋರ್ ನೀರು, ಕುಡಿಯಲಿಕ್ಕೆ ಆರ್‌ಓ. ಎರಡು ಕಪ್ ಇಟ್ಟ, ಒಂದರಲ್ಲಿ ಬೋರ್ ನೀರು ಕುದಿಸಿದ್ದು, ಇನ್ನೊಂದರಲ್ಲಿ ಆರ್‌ಓ. ಎರಡಕ್ಕೂ ಒಂದೊಂದು ಗ್ರಾಂ ಹಾಪ್ ಗುಳಿಗೆ ಹಾಕಿ ಹತ್ತು ನಿಮಿಷ ಮುಚ್ಚಿಟ್ಟ. ಆರ್‌ಓ ಕಪ್‌ನದು ತಿಳಿ ಹಸಿರು-ಹಳದಿ, ಕಹಿ ಬಂದು ಹೋಯಿತು, ಹಿಂದೆ ಹೂವಿನ ವಾಸನೆ ಉಳಿಯಿತು. ಬೋರ್ ಕಪ್‌ನದು ಮಂಕು, ಕಂದು ಕಡೆಗೆ ತಿರುಗಿತ್ತು. ಕಹಿ ನಾಲಿಗೆಯ ಬುಡದಲ್ಲಿ ಕೂತು, ಹಸಿ ಅಡಿಕೆ ಅಗಿದ ಹಾಗೆ ಒಗರು ಎಳೆಯಿತು. ಹಾಪ್ ಒಂದೇ, ತೂಕ ಒಂದೇ. ಮನೆಯಲ್ಲಿ ಹಾಪ್ ಇಲ್ಲದವರು ಇದನ್ನು ಚಹಾಪುಡಿಯಲ್ಲೇ ಮಾಡಿ ನೋಡಬಹುದು.

ಹಾಗಾಗಿ ಇಲ್ಲಿ ಒಳ್ಳೇ ಪಿಲ್ಸ್‌ನರ್ ಮಾಡುವವರು ಸಾಮಾನ್ಯವಾಗಿ ಆರ್‌ಓ ನೀರಿನಿಂದ ಶುರು ಮಾಡುತ್ತಾರೆ. ಆರ್‌ಓದಲ್ಲಿ ಒಂದಷ್ಟು ನೀರು ಹೊರಗೆ ಹೋಗುತ್ತದೆ. ಟ್ಯಾಂಕರಿಗೆ ದುಡ್ಡು ಕೊಡುವ ಊರಲ್ಲಿ ಅದು ಸಣ್ಣ ಖರ್ಚಲ್ಲ, ತೊಳೆಯಲಿಕ್ಕಾದರೂ ಹಿಡಿದಿಡಬೇಕು. ಬೋಳು ನೀರಲ್ಲೂ ತಿಳಿ ಮಾಲ್ಟ್ ಪಿಎಚ್ 5.7ರ ಹತ್ತಿರ ನಿಂತುಬಿಡುತ್ತದೆ, ಹಾಗಾಗಿ ಒಂದಷ್ಟು ಹುಳಿ ಮಾಲ್ಟೋ ಲ್ಯಾಕ್ಟಿಕ್ ಆಸಿಡ್ಡೋ ಸೇರಿಸಿ ಕೆಳಗಿಳಿಸುತ್ತಾರೆ.

ಚೆಕ್ ಮತ್ತು ಜರ್ಮನ್ ದಾರಿಗಳು ನೀರಿನ ಮಟ್ಟಿಗೆ ಬೇರೆಯಾಗೋದು ಇದಾದ ಮೇಲೆ. ಚೆಕ್‌ಗೆ ನೀರನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತಾರೆ, ಬೇಕಿದ್ದರೆ ಒಂದಿಷ್ಟು ಕ್ಯಾಲ್ಸಿಯಂ ಕ್ಲೋರೈಡ್. ಜರ್ಮನ್‌ಗೆ ಜಿಪ್ಸಮ್ ಹಾಕುತ್ತಾರೆ. ಸಾವಿರ ಲೀಟರಿಗೆ 100 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 56 ಮಿಲಿಗ್ರಾಂ ಸಲ್ಫೇಟ್ ಸೇರುತ್ತದೆ. ಸಲ್ಫೇಟ್ ಇದ್ದರೆ ಕಹಿಗೆ ಅಂಚು ಬರುತ್ತದೆ, ಕೊನೆ ಒಣಗುತ್ತದೆ. ಸಾವಿರ ಲೀಟರ್ ಬಿಯರಿನ ಕೊನೆಯ ರುಚಿ ತಿರುಗಿಸಲಿಕ್ಕೆ ಎರಡು ಮುಷ್ಟಿ ಬಿಳಿ ಪುಡಿ ಸಾಕು. ಆದರೆ ಮೆತ್ತಗಿರಬೇಕಾದ ಚೆಕ್ ಪಿಲ್ಸ್‌ನರಿನಲ್ಲಿ ಇದು ಜಾಸ್ತಿಯಾದರೆ ಕಹಿ ಚುಚ್ಚುತ್ತದೆ. ಇಲ್ಲಿನ ಕೆಲವು ‘ಬೊಹೀಮಿಯನ್’ ಲೋಟಗಳಲ್ಲಿ ನನಗೆ ಎದುರಾದ ತಪ್ಪು ಇದೇ.

ಹಾಪ್: ದವನ, ಕಾಳುಮೆಣಸು, ಸೇವಂತಿಗೆ

ಪ್ಲಜೆನ್‌ನ ಹಾಪ್ ಬರೋದು ಬೊಹೀಮಿಯಾದ ವಾಯವ್ಯಕ್ಕಿರುವ ಜಾಟೆಟ್ಸ್ ಸೀಮೆಯಿಂದ. ಜರ್ಮನ್ ಹೆಸರು ಸಾಜ್, ಬ್ರೂವರ್‌ಗಳ ಬಾಯಲ್ಲೂ ಅದೇ. ವಾಸನೆ ಹೇಗೆ ಅಂತ ಭಾವ ಕೇಳಿದಾಗ ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲು ನೆನಪಾಯಿತು. ಹೂವಲ್ಲ, ಹೂವಿನ ಜೊತೆ ಕಟ್ಟುವ ದವನ, ಮರುಗ. ಅದಕ್ಕೆ ಆಗ ತಾನೇ ಕುಟ್ಟಿದ ಕಾಳುಮೆಣಸಿನ ಒಂದು ಎಳೆ, ಸ್ವಲ್ಪ ಒಣಹುಲ್ಲು. ಅಷ್ಟೇ ಸಾಜ್. ಇಲ್ಲಿ ಖಾರ ಅಂದರೆ ನಾಲಿಗೆ ಉರಿಯಲ್ಲ, ಮೂಗಿಗೆ ಬರುವ ಮಸಾಲೆಯ ನೆನಪು. ಬವೇರಿಯಾದ ಹಾಲರ್ಟೌ ಮಿಟೆಲ್‌ಫ್ರೂ ಇನ್ನೂ ಸೌಮ್ಯ, ಹೂವಿನ ಕಡೆಗೆ ವಾಲುತ್ತದೆ, ನನಗೆ ಸೇವಂತಿಗೆ ಹತ್ತಿರ ಅನಿಸುತ್ತದೆ. ಜರ್ಮನ್ ಪಿಲ್ಸ್‌ನಲ್ಲಿ ಅದು, ಅಥವಾ ಟೆಟ್ನಾಂಗ್, ಸ್ಪಾಲ್ಟ್ ಸೀಮೆಯ ಹಾಪ್‌ಗಳು. ಮೂಸಂಬಿ, ಮಾವಿನಹಣ್ಣಿನ ಘಾಟು ಹೊಡೆದರೆ ಅದು ಅಮೆರಿಕದ ಹಾಪ್. ಚೆನ್ನಾಗಿರಬಹುದು, ಆದರೆ ನೀವು ಕೇಳಿದ ಬಿಯರ್ ಅಲ್ಲ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಗೆಳೆಯ ಒಂದು ಬಿಲ್ಲಿನ ಹಿಂದೆ ಬರೆದು ತೋರಿಸಿದ. ಚೆಕ್ ಪಿಲ್ಸ್‌ನರಿಗೆ ಲೀಟರಿಗೆ 38 ಮಿಲಿಗ್ರಾಂ ಕಹಿ ಬೇಕು ಅಂದುಕೊಳ್ಳಿ. ಸಾವಿರ ಲೀಟರಿಗೆ 38 ಗ್ರಾಂ. ಕುದಿಸುವಾಗ ಹಾಪಿನ ಕಹಿ ಆಮ್ಲದಲ್ಲಿ ಸುಮಾರು 28 ಪರ್ಸೆಂಟ್ ಮಾತ್ರ ಬಿಯರಿಗೆ ಇಳಿಯುತ್ತದೆ, ಹಾಗಾಗಿ 136 ಗ್ರಾಂ ಆಮ್ಲ ಹಾಕಬೇಕು. ಸಾಜ್‌ನಲ್ಲಿ ಈ ಆಮ್ಲ ಇರೋದೇ ನೂರಕ್ಕೆ 3.5ರಷ್ಟು. ಅಂದರೆ ಹತ್ತಿರ ಹತ್ತಿರ 4 ಕೆಜಿ ಸಾಜ್, ಅದೂ ಎಲ್ಲವನ್ನೂ ಮೊದಲೇ ಹಾಕಿದರೆ. ಘಮಕ್ಕೆ ಅಂತ ಕೊನೆಯಲ್ಲಿ ಹಾಕಿದ್ದು ಕಹಿ ಕೊಡೋದು ಕಡಿಮೆ, ಹಾಗಾಗಿ ತೂಕ ಇನ್ನೂ ಏರುತ್ತದೆ. ಅದೇ ಕಹಿಯನ್ನು 13 ಪರ್ಸೆಂಟ್ ಆಮ್ಲದ ಮ್ಯಾಗ್ನಮ್ ಹಾಪಿನಿಂದ ತೆಗೆದರೆ ಒಂದು ಕೆಜಿ ಸಾಕು.

ಜರ್ಮನ್ ಪಿಲ್ಸ್ ಮಾಡುವವರು ಕಹಿಗೆ ಹೀಗೆ ಜೋರು ಹಾಪ್ ಹಾಕಿ, ಘಮಕ್ಕೆ ಒಳ್ಳೇ ಹಾಪ್ ಉಳಿಸಿಕೊಳ್ಳೋದು ಉಂಟು. ಅದರಲ್ಲಿ ತಪ್ಪಿಲ್ಲ, ಅಲ್ಲಿ ಬೇಕಾದ್ದೇ ಚೊಕ್ಕ ಕಹಿ. ಚೆಕ್‌ನಲ್ಲಿ ಹಾಗೆ ಉಳಿಸಿದರೆ ನನಗೆ ಗೊತ್ತಾಗಿಬಿಡುತ್ತದೆ. ನಾಲ್ಕು ಕೆಜಿ ಹಾಪಿನ ಜೊತೆ ಬರುವ ಸೊಪ್ಪಿನಂಥ, ಮಸಾಲೆಯಂಥ ದಪ್ಪ ಇರಲ್ಲ. ಕಹಿ ಇದೆ, ಅದರ ಹಿಂದೆ ಏನೂ ಇಲ್ಲ.

ಲೋಟ ಬಂದ ಮೇಲೆ

ಮೊದಲು ಮೂಗು. ತಿಳಿ ಮಾಲ್ಟಿನ ಒಂದು ಕಾಟ ಇದೆ: ಅದನ್ನು ಕುದಿಸುವಾಗ ಬೇಯಿಸಿದ ಮುಸುಕಿನ ಜೋಳದ ವಾಸನೆ ಹುಟ್ಟುತ್ತದೆ. ಮುಚ್ಚಳ ತೆಗೆದು ಒಂದೂವರೆ ಗಂಟೆ ಜೋರಾಗಿ ಕುದಿಸಿದರೆ ಆವಿಯ ಜೊತೆ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ ಸುಮಾರು 97 ಡಿಗ್ರಿಗೆ. ಆ ಮೂರು ಡಿಗ್ರಿ ಕಡಿಮೆ ಇರೋದರಿಂದ ಕುದಿಸುವ ಹೊತ್ತಿನಲ್ಲಿ ಜಿಪುಣತನ ಮಾಡುವ ಹಾಗಿಲ್ಲ. ಲೋಟದಲ್ಲಿ ಜೋಳ ಎದ್ದು ಹೊಡೆದರೆ ಕುದಿ ಸಾಲದು ಅಂತ ಅರ್ಥ.

ಎರಡನೆಯದು ಬೆಣ್ಣೆ. ಪಾಪ್‌ಕಾರ್ನ್ ಮೇಲಿನ ಬೆಣ್ಣೆಯ ವಾಸನೆ, ನಾಲಿಗೆ ಮೇಲೆ ಜಾರು. ಯೀಸ್ಟ್ ಇದನ್ನು ತಾನೇ ಬಿಡುತ್ತದೆ, ಸಮಯ ಕೊಟ್ಟರೆ ತಾನೇ ವಾಪಸ್ ತಿನ್ನುತ್ತದೆ. ಪಿಲ್ಸ್‌ನರನ್ನು 10 ಡಿಗ್ರಿ ಆಸುಪಾಸಿನಲ್ಲಿ ಹುಳಿಸಿ, ಆಮೇಲೆ ಸೊನ್ನೆಯ ಹತ್ತಿರದ ಚಳಿಯಲ್ಲಿ ವಾರಗಟ್ಟಲೆ ಮಲಗಿಸಬೇಕು. ಗೋಧಿ ಬಿಯರ್ ಎರಡು-ಮೂರು ವಾರಕ್ಕೆ ಟ್ಯಾಂಕ್ ಖಾಲಿ ಮಾಡುತ್ತದೆ, ಪಿಲ್ಸ್‌ನರ್ ಅದರ ದುಪ್ಪಟ್ಟು ಹೊತ್ತು ಕೂತಿರುತ್ತದೆ. ವಾರಾಂತ್ಯದ ಗದ್ದಲದಲ್ಲಿ ಟ್ಯಾಂಕ್ ಬೇಕಾಗಿ ಬೇಗ ಇಳಿಸಿದರೆ ಬೆಣ್ಣೆ ಉಳಿಯುತ್ತದೆ. ಗೆಳೆಯ ಇದನ್ನು ಮೊದಲೇ ಹಿಡಿಯುತ್ತಾನೆ: ಎರಡು ಮುಚ್ಚಿದ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು, ಒಂದನ್ನು 60 ಡಿಗ್ರಿಯ ನೀರಲ್ಲಿ 20 ನಿಮಿಷ ಇಟ್ಟು, ಆರಿಸಿ, ಎರಡನ್ನೂ ಮೂಸುತ್ತಾನೆ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಟ್ಯಾಂಕಿಗೆ ಇನ್ನಷ್ಟು ದಿನ. ಇಲ್ಲಿ ಒಂದು ಮಾತು. ಚೆಕ್‌ನಲ್ಲಿ ಬೆಣ್ಣೆಯ ಒಂದು ಸುಳಿವು ಇದ್ದರೆ ಅದು ತಪ್ಪಲ್ಲ, ಅಲ್ಲಿ ಒಪ್ಪಿಕೊಂಡದ್ದೇ. ಜರ್ಮನ್‌ನಲ್ಲಿ ಸುಳಿವೂ ಇರಬಾರದು.

ಮೂರನೆಯದು ಬಿಸಿಲು, ಇದರಲ್ಲಿ ಬ್ರೂವರ್ ತಪ್ಪೇನೂ ಇಲ್ಲ. ಹಾಪಿನ ಕಹಿಗೆ ಬಿಸಿಲು ತಾಗಿದರೆ ಗಬ್ಬು ನಾರುವ ಒಂದು ಗಂಧಕದ ವಸ್ತು ಹುಟ್ಟುತ್ತದೆ. ಹಸಿರು ಬಾಟಲಿ ಅಷ್ಟಾಗಿ ಕಾಯಲ್ಲ, ಬಿಳಿ ಬಾಟಲಿ ಏನೂ ಕಾಯಲ್ಲ, ಕಂದು ಬಾಟಲಿ ಚೆನ್ನಾಗಿ ಕಾಯುತ್ತದೆ. ಪಿಲ್ಸ್‌ನರಿನಲ್ಲಿ ಹಾಪ್ ಜಾಸ್ತಿ, ಮುಚ್ಚಿಡಲಿಕ್ಕೆ ಗಾಢ ಮಾಲ್ಟೂ ಇಲ್ಲ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಮಧ್ಯಾಹ್ನ ತಾರಸಿ ಮೇಲಿನ ಬ್ರೂಪಬ್‌ನಲ್ಲಿ ನಾನು ಫೋನ್ ಬಂತು ಅಂತ ಲೋಟ ಬಿಸಿಲಲ್ಲಿ ಬಿಟ್ಟು ಹೋಗಿ, ಹತ್ತು ನಿಮಿಷಕ್ಕೆ ವಾಪಸ್ ಬಂದು, ಬಿಯರ್ ಕೆಟ್ಟಿದೆ ಅಂತ ವೇಟರ್ ಜೊತೆ ಜಗಳ ಆಡಿದ್ದೂ ಉಂಟು. ಕೆಡಿಸಿದ್ದು ನಾನೇ.

ಇನ್ನು ‘ಚಿಲ್ಡ್ ಆಗಿ ಕೊಡಿ’ ಅನ್ನೋದು, ‘ನೊರೆ ಕಮ್ಮಿ ಹಾಕಿ’ ಅನ್ನೋದು. ಎರಡೂ ಪಿಲ್ಸ್‌ನರಿಗೆ ನಷ್ಟ. ಲೋಟದ ಹೊರಗೆ ಮಂಜು ಕಟ್ಟುವಷ್ಟು ತಣ್ಣಗಿದ್ದರೆ ಸಾಜ್ ಹಾಪಿನ ಘಮ ಏಳೋದೇ ಇಲ್ಲ. 6-7 ಡಿಗ್ರಿ ಸಾಕು. ಹೊರಗೆ ತೆಗೆದು ನಾಲ್ಕು ನಿಮಿಷ ಮಾತಾಡಿ. ನೊರೆ ಘಮವನ್ನು ಹಿಡಿದಿಡುತ್ತದೆ. ಚೆಕ್ ಊರುಗಳಲ್ಲಿ ಸಾಮಾನ್ಯ ಲೋಟಕ್ಕೇ ಮೂರು ಬೆರಳಿನಷ್ಟು ಒದ್ದೆ, ಕೆನೆಯಂಥ ನೊರೆ ಇರುತ್ತದೆ. ಬೈಟು ಕಾಫಿಯಲ್ಲಿ ನೊರೆ ಬೇಕು ಅನ್ನುವ ನಾವೇ ಬಿಯರಿನಲ್ಲಿ ಮೋಸ ಹೋದೆವು ಅನ್ನುತ್ತೇವೆ.

ತಿಂಡಿ ಜೊತೆಗೆ ಹೇಗೆ? ಕಹಿ, ಗ್ಯಾಸು ಎರಡೂ ಮೆಣಸಿನ ಉರಿಯನ್ನು ಏರಿಸುತ್ತವೆ. ಆಂಧ್ರ ಶೈಲಿಯ ಚಿಲ್ಲಿ ಚಿಕನ್ ಎದುರು ಜರ್ಮನ್ ಪಿಲ್ಸ್ ಇಟ್ಟರೆ ಬೆವರು ಗ್ಯಾರಂಟಿ. ಅಲ್ಲಿ ಚೆಕ್ ತರಿಸಿ, ಉಳಿದಿರುವ ಮಾಲ್ಟ್ ಸಿಹಿ ಸ್ವಲ್ಪ ತಡೆಯುತ್ತದೆ. ಕಾಂಗ್ರೆಸ್ ಕಡಲೆಕಾಯಿ, ಕರಿದ ಮೀನು, ಎಣ್ಣೆ ಪದಾರ್ಥಗಳಿಗೆ ಜರ್ಮನ್. ಉಪ್ಪು-ಎಣ್ಣೆಯನ್ನು ತೊಳೆದು ಬಾಯಿ ಮತ್ತೆ ಸಿದ್ಧ ಮಾಡುತ್ತದೆ.

ಹಲಗೆ ಮೇಲೆ ‘ಇಟಾಲಿಯನ್ ಪಿಲ್ಸ್’ ಅಂತ ಇದ್ದರೆ ಅದು ಜರ್ಮನ್‌ದೇ ತಳಿ, ಹುಳಿದ ಮೇಲೆ ತಣ್ಣಗಿರುವಾಗ ಮತ್ತೆ ಹಾಪ್ ಸೇರಿಸಿದ್ದು. 1996ರಲ್ಲಿ ಇಟಲಿಯ ಟಿಪೋಪಿಲ್ಸ್ ಅನ್ನೋ ಬಿಯರಿನಿಂದ ಹಬ್ಬಿದ ದಾರಿ. ಘಮ ಜಾಸ್ತಿ ಬೇಕು, ಕಹಿ ಅಷ್ಟೇ ಇರಲಿ ಅನ್ನುವವರಿಗೆ. ಬರೀ ‘ಲಾಗರ್’ ಅಂತ ಇದ್ದು ಅಕ್ಕಿಯೋ ಜೋಳವೋ ಸೇರಿದ್ದರೆ ಮಾಲ್ಟ್, ಹಾಪ್ ಎರಡೂ ತೆಳು. ಬಾಯಾರಿಕೆಗೆ ಸರಿ, ಈ ಹೋಲಿಕೆಗೆ ಸೇರಲ್ಲ.

ಅವತ್ತು ವೇಟರ್ ಹತ್ತಿರ ನಾನು ಎರಡೇ ಪ್ರಶ್ನೆ ಕೇಳಿದ್ದೆ: ಯಾವ ಹಾಪ್, ಟ್ಯಾಂಕಿನಲ್ಲಿ ಎಷ್ಟು ವಾರ ಇತ್ತು. ಆತ ಒಳಗೆ ಹೋಗಿ ಕೇಳಿಕೊಂಡು ಬಂದ. ಚೆಕ್‌ಗೆ ಪೂರ್ತಿ ಸಾಜ್, ಏಳು ವಾರ. ಜರ್ಮನ್‌ಗೆ ಹಾಲರ್ಟೌ, ನಾಲ್ಕೂ ಆಗಿಲ್ಲ. ಜರ್ಮನ್ ಲೋಟದಲ್ಲಿ ಬೆಣ್ಣೆಯ ಎಳೆ ಇತ್ತು ಅಂತ ನನಗೆ ಆಗಲೇ ಅನಿಸಿತ್ತು. ಭಾವ ಮೆನು ಮುಚ್ಚಿಟ್ಟು, “ಹಾಗಾದ್ರೆ ಏಳು ವಾರದ್ದೇ ಎರಡು ಹೇಳು, ನೊರೆ ಇರಲಿ” ಅಂದರು.